ಟ್ಯಾರೋ ಓದುವವರು ಕಾರ್ಡ್ ಎತ್ತಿಡಬೇಕಾದದ್ದು ಯಾವಾಗ?

ಮೊದಲು ವಯಸ್ಸು ಕೇಳಿ. 18 ತುಂಬದವರು ಒಬ್ಬರೇ ಬಂದರೆ ಓದಬೇಡಿ. ಮನೆಯವರು ಜೊತೆಗಿದ್ದರೂ ಮಗುವಿನ ಸ್ವಂತ ಪ್ರಶ್ನೆಗಷ್ಟೇ ಓದಿ. ‘ಇವಳು ಯಾರ ಜೊತೆ ಓಡಾಡ್ತಾಳೆ, ನೋಡಿ ಹೇಳಿ’ ಎಂದು ತಾಯಿ ಕೇಳಿದರೆ ಒಪ್ಪಿಕೊಳ್ಳಬೇಡಿ. ‘ಪಿಯುಸಿ ಪಾಸಾಗ್ತೀನಾ?’ ಎಂಬ ಪ್ರಶ್ನೆಯನ್ನು ‘ಓದಿಗೆ ಏನು ಅಡ್ಡ ಬರ್ತಿದೆ?’ ಎಂದು ಬದಲಿಸಿ. ‘ಇಲ್ಲ’ ಎಂದು ನೀವು ಹೇಳಿದ್ದನ್ನು ಆ ವಯಸ್ಸಿನವರು ಹಣೆಬರಹವೆಂದೇ ನಂಬಿಬಿಡುತ್ತಾರೆ.

ಕಾರ್ಡ್ ಕಲೆಸಿ ಹರಡುವುದು ನಿಮಗೆ ಗೊತ್ತು. ಹೆದರಿ ಬಂದವರಿಗೆಂದು 78 ಕಾರ್ಡುಗಳಿಂದ ‘ಡೆತ್’, ‘ಟವರ್’ ಎರಡನ್ನೂ ಮೊದಲೇ ತೆಗೆದಿಡುವವರಿದ್ದಾರೆ. ಆ ಅಡ್ಡದಾರಿ ಬೇಡ. ಆ ಎರಡು ಚಿತ್ರಗಳನ್ನು ತಾಳಲಾರದ ಸ್ಥಿತಿಯಲ್ಲಿರುವವರಿಗೆ ಆ ದಿನ ಓದಲೇಬಾರದು.

ಎಲ್ಲರೂ ಎಡವುವುದು ನಿಲ್ಲಿಸುವ ಹಂತದಲ್ಲಿ. ಗಂಡ ತೀರಿಕೊಂಡ ಹೆಂಗಸೊಬ್ಬರು ಬಂದಿದ್ದಾರೆ ಎನ್ನಿ. ‘ಟೆನ್ ಆಫ್ ಸ್ವೋರ್ಡ್ಸ್’ ಬಿತ್ತು: ಬೋರಲು ಬಿದ್ದವನ ಬೆನ್ನಿನಲ್ಲಿ ಹತ್ತು ಕತ್ತಿ. ನೀವು ಅರ್ಥ ಹೇಳುತ್ತಿದ್ದರೂ ಅವರ ಕಣ್ಣು ಚಿತ್ರದ ಮೇಲೆಯೇ ಇದೆ; ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ; ‘ನಾನೂ ಅವರ ಹತ್ರಾನೇ ಹೋಗಿಬಿಡ್ತೀನಿ’ ಎನ್ನುತ್ತಾರೆ. ಒಳ್ಳೆಯದೇನಾದರೂ ಬರಲಿ ಎಂದು ಓದುವವರು ಇನ್ನೊಂದು ಕಾರ್ಡ್ ತೆಗೆಯುವುದು ಆಗಲೇ. ‘ಸನ್’ ಬಂತೆನ್ನಿ. ಆಕೆಗೆ ಅದು ಗಂಡ ಕರೆಯುತ್ತಿರುವ ಸೂಚನೆಯಾಗಿಬಿಡಬಹುದು. ಯಾವ ಕಾರ್ಡ್ ಬಂದರೂ ಆಕೆ ಓದಿಕೊಳ್ಳುವುದು ತನ್ನ ದುಃಖವನ್ನೇ.

ಅಲ್ಲಿಗೆ ನಿಲ್ಲಿಸಿ. ಕಾರ್ಡುಗಳನ್ನು ಕವುಚಿ ಡಬ್ಬಿಗೆ ಹಾಕಿ, ಮೇಜಿನಿಂದಲೇ ತೆಗೆದುಬಿಡಿ. ನೀರು ಕೊಟ್ಟು ಪಕ್ಕಕ್ಕೆ ಬಂದು ಕೂತು, ‘ಅಕ್ಕಾ, ಸಾಯಬೇಕು ಅನ್ನಿಸ್ತಿದೆಯಾ?’ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತೆಂಬ ಭಯ ಬೇಡ, ಹಾಗಾಗುವುದಿಲ್ಲ. ಹೌದೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಅಲ್ಲಿಂದಲೇ ಫೋನ್ ಮಾಡಿ ಕೊಡಿ. ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಸಿಗುತ್ತಾರೆ. ಮನೆಯವರು ಬರುವವರೆಗೆ ಆಟೊ ಹತ್ತಿಸಿ ಕಳಿಸಬೇಡಿ. ಈಗಲೇ ಏನಾದರೂ ಮಾಡಿಕೊಳ್ಳುವಂತೆ ಕಂಡರೆ 112.

ದುಡ್ಡು ಮುಟ್ಟಬೇಡಿ. ಸ್ಫಟಿಕದ ಬ್ರೇಸ್‌ಲೆಟ್ಟನ್ನು ಪರಿಹಾರವೆಂದು ಮಾರುವುದಂತೂ ಅನ್ಯಾಯ. ನಾಳೆ ಬಂದು ಅದೇ ಪ್ರಶ್ನೆ ಕೇಳಿದರೂ ಓದಬೇಡಿ.

ಮಗುವಿನ ಬಾಯಲ್ಲಿ ‘ಮಾವ ಎಲ್ಲೆಲ್ಲೋ ಮುಟ್ಟುತ್ತಾರೆ’ ಎಂಬಂಥ ಮಾತು ಬಂದರೂ ಓದು ಅಲ್ಲಿಗೇ ಮುಗಿಯಿತು. ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬೇಡಿ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಇಂಥದ್ದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098ಕ್ಕೂ ಫೋನ್ ಮಾಡಿ. ಕೆದಕಿ ಕೆದಕಿ ಕೇಳಬೇಡಿ, ಮಗು ಆಡಿದ ಮಾತನ್ನೇ ಬರೆದಿಡಿ. ಜೊತೆಗೆ ಬಂದವರನ್ನು ಅಲ್ಲೇ ವಿಚಾರಿಸಲು ಹೋಗಬೇಡಿ. ಮಗು ಹೆದರುತ್ತಿರುವುದು ಅವರಿಗೇ ಇರಬಹುದು.