ಕಾಳು ಹೋಗಿ ಕಾಲು ಆದ ಮೇಲೆ ನಾನು ಕಗಪ ಕೀಲಿಮಣೆ ಕಲಿತೆ

ನಮ್ಮ ಹಾವೇರಿ ಕಡೆ ಮೆಕ್ಕೆಜೋಳ ಜಾಸ್ತಿ. ನಮ್ಮೂರಿನ ರೈತರ ವಾಟ್ಸಾಪ್ ಗುಂಪಿಗೆ ದಿನಾ ಬೆಳಿಗ್ಗೆ ಮಾರುಕಟ್ಟೆ ದರ, ಮಳೆ, ಗೊಬ್ಬರದ ಸುದ್ದಿ ಕಳಿಸುವ ಕೆಲಸ ನನ್ನದು. ತುಂಬಾ ವರ್ಷ ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ, ಮೇಲೆ ಬರುವ ಕನ್ನಡ ಪದಗಳಲ್ಲಿ ಬೇಕಾದ್ದನ್ನು ಆರಿಸಿ ಬರೆದೆ. ಕಲಿಯುವ ಕಷ್ಟವೇ ಇರಲಿಲ್ಲ.

ಒಂದು ದಿನ ‘ಒಣ ಕಾಳು ಕ್ವಿಂಟಲಿಗೆ 2,100’ ಎಂದು ಬರೆಯಬೇಕಿತ್ತು. kalu ಒತ್ತಿ ಸ್ಪೇಸ್ ಕೊಟ್ಟೆ. ಮೊದಲಿದ್ದ ಪದ ತಾನೇ ಕೂತಿತು. ನೋಡದೆ ಕಳಿಸಿದೆ. ಗುಂಪಿಗೆ ಹೋಗಿದ್ದು ‘ಒಣ ಕಾಲು ಕ್ವಿಂಟಲಿಗೆ 2,100’. ಅರ್ಧ ಗಂಟೆಯಲ್ಲಿ ಒಬ್ಬ ಹಿರಿಯರು ಫೋನ್ ಮಾಡಿದರು. ‘ಏನ್ರೀ ತಮ್ಮಾ, ಇಪ್ಪತ್ತೈದು ಕಿಲೋಕ್ಕ ಎರಡು ಸಾವಿರದ ನೂರಾ? ಗಾಡಿ ಹೇಳಲೇನು?’ ಅವರು ಚೀಲ ಹೊಲಿಸಿ ಇಟ್ಟಿದ್ದರು. ಅವರಿಗೆ ವಿಷಯ ಹೇಳುವಾಗ ನನಗೆ ಬಹಳ ಕೆಟ್ಟದೆನಿಸಿತು.

ತಪ್ಪು ಎಲ್ಲಿ ಆಗುತ್ತದೆ ಎಂದು ಆಮೇಲೆ ಕೂತು ನೋಡಿದೆ. ಇಂಗ್ಲಿಷಿನ ಒಂದು l ನಮಗೆ ಲ ಕೂಡ ಹೌದು, ಳ ಕೂಡ ಹೌದು. n ಎಂದರೆ ನ, ಣ ಎರಡೂ. e ಗಿಡ್ಡವೋ ಉದ್ದವೋ ಗೊತ್ತಾಗುವುದಿಲ್ಲ. bele ಎಂದು ಒತ್ತಿದರೆ ಬೆಲೆ, ಬೆಳೆ, ಬೇಳೆ ಮೂರೂ ಸರಿ. ಯಾವುದು ಎಂದು ಕೀಲಿಮಣೆ ಊಹೆ ಮಾಡಬೇಕು. ಸಾಮಾನ್ಯವಾಗಿ ಹೆಚ್ಚು ಬಳಕೆಯ ಪದ ಮುಂದೆ ಬರುತ್ತದೆ. ನಮ್ಮ ಗುಂಪಿನ ಮಾತಿನಲ್ಲಿ ಈ ಮೂರೂ ಪದ ಒಂದೇ ಸಾಲಿನಲ್ಲಿ ಬರುತ್ತವೆ. ಇದರಲ್ಲಿ ಕಷ್ಟ ಏನೆಂದರೆ, ತಪ್ಪಾಗಿ ಬಂದದ್ದೂ ಸರಿಯಾದ ಕನ್ನಡ ಪದವೇ. ಅದರ ಕೆಳಗೆ ಕೆಂಪು ಗೆರೆ ಬರುವುದಿಲ್ಲ. ಕಣ್ಣು ಅದನ್ನು ದಾಟಿ ಹೋಗುತ್ತದೆ.

ಹಾಗಾಗಿ ಕಗಪ ಎಂಬ ಕೀಲಿಮಣೆ ವಿನ್ಯಾಸ ಕಲಿಯಲು ಶುರು ಮಾಡಿದೆ. ಇದು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಲ್ಲಿ ಇರುವುದು ಇದೇ. ಕಂಪ್ಯೂಟರಿನಲ್ಲಿ ನುಡಿ ಹಾಕಿಕೊಂಡೆ. ಫೋನಿಗೆ ಇದೇ ವಿನ್ಯಾಸ ಇರುವ ಒಂದು ಆ್ಯಪ್ ಹಾಕಿಕೊಂಡೆ.

ಇಲ್ಲಿ ಊಹೆ ಇಲ್ಲ. ಒಂದು ಕೀಲಿಗೆ ಒಂದು ಅಕ್ಷರ. l ಒತ್ತಿದರೆ ಲ, ಶಿಫ್ಟ್ ಜತೆ L ಒತ್ತಿದರೆ ಳ. ಹಾಗೇ n ಮತ್ತು N. ಉದ್ದ ಸ್ವರಕ್ಕೂ ಶಿಫ್ಟ್. ಬೆಲೆಗೆ bele, ಬೆಳೆಗೆ beLe, ಬೇಳೆಗೆ bELe. ಕಾಳು ಬೇಕಾದರೆ kALu. ವ್ಯಂಜನದ ಮುಂದೆ a ಒತ್ತುವುದೇ ಇಲ್ಲ, ಬರೀ k ಎಂದರೆ ಕ. ಹಾಗಾಗಿ ಮಳೆಗೆ mLe, ಮೂರೇ ಕೀಲಿ ಸಾಕು. ಒತ್ತಕ್ಷರಕ್ಕೆ ನಡುವೆ f ಬೇಕು. ಹತ್ತಿ ಬರೆಯಲು htfti.

ಮೊದಲ ಎರಡು ವಾರ ಕೈ ಓಡಲಿಲ್ಲ. ಹಳೆ ಅಭ್ಯಾಸಕ್ಕೆ a ಒತ್ತುವುದು, ಅಳಿಸುವುದು. ಟ ಎಲ್ಲಿದೆ, ಡ ಎಲ್ಲಿದೆ ಎಂದು ಹುಡುಕುವುದು. ಇವು q ಮತ್ತು w ಮೇಲಿವೆ, ಷ x ಮೇಲಿದೆ. ಈ ಮೂರನ್ನು ಒಂದು ಚೀಟಿಯಲ್ಲಿ ಬರೆದು ಫೋನಿನ ಕವರಿಗೆ ಅಂಟಿಸಿದ್ದೆ. ಉಳಿದವು ಹೆಚ್ಚಾಗಿ ಉಚ್ಚಾರಕ್ಕೆ ಹತ್ತಿರವೇ ಇವೆ. ದಿನಾ ಬೆಳಗಿನ ಒಂದು ಸಂದೇಶ ಮಾತ್ರ ಕಗಪದಲ್ಲಿ ಎಂದು ಇಟ್ಟುಕೊಂಡೆ. ಸುಮಾರು ಒಂದೂವರೆ ತಿಂಗಳಿಗೆ ಚೀಟಿ ತೆಗೆದೆ.

ನನಗೆ ತುಂಬಾ ಖುಷಿ ಕೊಟ್ಟದ್ದು ಬೇರೆಯೇ. ‘ಹೊಂಟೇನಿ’, ‘ಬರ್ರಿ’, ‘ಮಾಡ್ಯಾರ’ ಎಂದು ನಮ್ಮ ಮಾತಿನಲ್ಲಿ ಬರೆಯಹೋದರೆ ಹಳೆಯ ಕೀಲಿಮಣೆ ಅದನ್ನು ಪುಸ್ತಕದ ಪದಕ್ಕೆ ಎಳೆಯುತ್ತಿತ್ತು. ಕಗಪದಲ್ಲಿ ನಾನು ಒತ್ತಿದ್ದೇ ಬರುತ್ತದೆ. ಊರಿನ ಹೆಸರು, ಮನೆತನದ ಹೆಸರು ಕೂಡ ಹಾಗೆಯೇ.

ಹಾಗಂತ ಇಂಗ್ಲಿಷ್ ಅಕ್ಷರದ ದಾರಿ ಬಿಟ್ಟಿಲ್ಲ. ಫೋನಿನಲ್ಲಿ ಪದೇ ಪದೇ ಶಿಫ್ಟ್ ಒತ್ತುವುದು ನಿಧಾನ. ಹೊಲದಲ್ಲಿ ನಿಂತು ಒಂದೇ ಕೈಯಲ್ಲಿ ‘ಆಯ್ತು, ಬರ್ತೀನಿ’ ಎನ್ನಲು ಹಳೆಯದೇ ಬೇಗ. ಗ್ಲೋಬ್ ಗುರುತಿನ ಕೀಲಿ ಒತ್ತಿ ಬದಲಿಸಿಕೊಳ್ಳುತ್ತೇನೆ. ಆದರೆ ದರ, ತೂಕ, ದಿನಾಂಕ, ಹೆಸರು ಇರುವ ಸಂದೇಶ ಕಗಪದಲ್ಲೇ. ಅವಸರಕ್ಕೆ ಹಳೆಯದರಲ್ಲಿ ಬರೆದರೆ ಕಳಿಸುವ ಮುಂಚೆ ಲ, ಳ, ನ, ಣ ಇರುವ ಪದಗಳನ್ನು ಮಾತ್ರ ಬಾಯಿಬಿಟ್ಟು ಓದುತ್ತೇನೆ. ಕಣ್ಣು ಬಿಟ್ಟದ್ದನ್ನು ನಾಲಿಗೆ ಹಿಡಿಯುತ್ತದೆ. ಹೋದ ವಾರ ‘ಬೆಲೆ ವಿಮೆ ಕಟ್ಟಲು ಬನ್ನಿ’ ಎಂದು ಬಂದಿತ್ತು. ಓದಿದೆ, ತಿದ್ದಿದೆ, ಬೆಳೆ ವಿಮೆ ಎಂದೇ ಕಳಿಸಿದೆ.