ವಿಡಿಯೊ ಹೊಸದು, ವಿವರಣೆ ಹಳೆಯದು

ಗೆಳೆಯನೊಬ್ಬನ ಯಕ್ಷಗಾನದ ಯೂಟ್ಯೂಬ್ ಚಾನೆಲ್‌ಗೆ ವಿಡಿಯೊ ಹಾಕುವ ಕೆಲಸ ಆಗಾಗ ನನ್ನ ಪಾಲಿಗೆ ಬರುತ್ತದೆ. ಒಮ್ಮೆ ಅವನೇ ಹಾಕಿದ ‘ಕೃಷ್ಣಾರ್ಜುನ ಕಾಳಗ’ದ ವಿವರಣೆ ನೋಡಿದರೆ, ಹಿಂದಿನ ಆಟದ ಭಾಗವತರ ಹೆಸರು, ಹೋದ ವರ್ಷದ ದಿನಾಂಕ, ‘2:14:30 ಗದಾಯುದ್ಧ’ ಎಂಬ ಸಾಲು. ಈ ಪ್ರಸಂಗದಲ್ಲಿ ಗದಾಯುದ್ಧ ಎಲ್ಲಿಂದ ಬಂತು? ‘ಗದಾಪರ್ವ’ದ ವಿವರಣೆಯನ್ನು ಕಾಪಿ ಮಾಡಿ ಶೀರ್ಷಿಕೆ ಮಾತ್ರ ಬದಲಿಸಿದ್ದ. ಹಾಡಿದ ಭಾಗವತರಿಗೆ ಎಷ್ಟು ಬೇಜಾರಾಗಿರಬೇಡ! ಹೀಗಾಗದಿರಲು ನಾನು ಮಾಡುವುದು ಇಷ್ಟು.

ಹಂತ 1: ಬದಲಾಗದ್ದನ್ನು ಬೇರೆ ಮಾಡಿ. ಚಾನೆಲ್ ಪರಿಚಯ, ಸಂಪರ್ಕದ ಇಮೇಲ್, ಇಷ್ಟೇ. ಇವನ್ನು ಯೂಟ್ಯೂಬ್ ಸ್ಟುಡಿಯೊದ `Settings` ಒಳಗಿನ `Upload defaults`ನಲ್ಲಿ ಒಮ್ಮೆ ಹಾಕಿಬಿಡಿ. ಕಂಪ್ಯೂಟರಿನ ಬ್ರೌಸರ್‌ನಿಂದ ಹಾಕುವ ಪ್ರತಿ ಹೊಸ ವಿಡಿಯೊಗೂ ತಾನಾಗಿ ಬರುತ್ತದೆ.

ಅಲ್ಲೇ ಪಕ್ಕದಲ್ಲಿ ಒಂದು ಸುಲಭದ ದಾರಿಯೂ ಕಾಣುತ್ತದೆ. ಅಪ್‌ಲೋಡ್ ಮಾಡುವಾಗ `Reuse details` ಒತ್ತಿದರೆ ಹಳೆಯ ವಿಡಿಯೊದ ವಿವರಣೆ, ಟ್ಯಾಗ್ ಎಲ್ಲ ಒಟ್ಟಿಗೆ ಬರುತ್ತವೆ. ನಾನಂತೂ ಅದನ್ನು ಮುಟ್ಟುವುದಿಲ್ಲ. ವಿವರಣೆ ತಿದ್ದಿ ಮುಗಿಸಿದರೂ, `Show more` ಒಳಗೆ ಅಡಗಿರುವ ಟ್ಯಾಗ್‌ಗಳಲ್ಲಿ ಹಳೆಯ ಕಲಾವಿದರ ಹೆಸರು ಸುಮ್ನೆ ಕೂತಿರುತ್ತದೆ.

ಹಂತ 2: ಬದಲಾಗುವ ಜಾಗವನ್ನು ಖಾಲಿ ಬಿಡಬೇಡಿ, ಹಳೆಯ ಹೆಸರನ್ನೂ ಬಿಡಬೇಡಿ. ಕಣ್ಣಿಗೆ ಹೊಡೆಯುವ ಗುರುತು ಹಾಕಿ. ನನ್ನ ಗುರುತು `ZZ`. ಕನ್ನಡದ ನಡುವೆ ಇದು ಬೇರೆಲ್ಲೂ ಬರುವುದಿಲ್ಲ.

```
ಪ್ರಸಂಗ: ZZ
ದಿನಾಂಕ, ಸ್ಥಳ: ZZ
ಭಾಗವತರು: ZZ
ಮದ್ದಳೆ: ZZ   ಚೆಂಡೆ: ZZ
0:00 ZZ
```

ಹಳೆಯ ಹೆಸರು ಸರಿಯಾದ ಹೆಸರಿನ ಹಾಗೇ ಕಾಣುತ್ತದೆ, ಅದಕ್ಕೇ ಕಣ್ತಪ್ಪುತ್ತದೆ. `ZZ` ಹಾಗಲ್ಲ. ತುಂಬಿದ ಮೇಲೆ ಕಂಪ್ಯೂಟರಿನಲ್ಲಿ `Ctrl+F` ಒತ್ತಿ `ZZ` ಹುಡುಕಿ. ಒಂದೂ ಸಿಗಬಾರದು.

ಹಂತ 3: ಹೆಸರು. ಜಾಸ್ತಿ ಜನ ಎಡವುವುದು ಇಲ್ಲೇ. ಹಳೆಯ ವಿವರಣೆಯನ್ನೇ ಇಟ್ಟುಕೊಂಡು ‘ಹುಡುಕಿ ಬದಲಿಸು’ ಮಾಡುತ್ತಾರೆ, ಎಲ್ಲಾ ಹೋಯಿತು ಅಂದುಕೊಳ್ಳುತ್ತಾರೆ. ಹೋಗಿರುವುದಿಲ್ಲ. ಮೊದಲನೆಯದಾಗಿ, ‘ಭಟ್ಟರು’ ಅಂತ ಹುಡುಕಿದರೆ ‘ಭಟ್ಟರ ಹಾಡುಗಾರಿಕೆ’, ‘ಭಟ್ಟರಿಗೆ ಸನ್ಮಾನ’ ಸಿಗುವುದಿಲ್ಲ. ‘ಭಟ್ಟ’ ಎಂಬಂತೆ ಹೆಸರಿನ ಬದಲಾಗದ ಭಾಗವನ್ನಷ್ಟೇ ಹುಡುಕಬೇಕು. ಎರಡನೆಯದು, ಅದೇ ಹೆಸರು ಕೆಳಗೆ ಇಂಗ್ಲಿಷಿನಲ್ಲೂ ಹ್ಯಾಶ್‌ಟ್ಯಾಗ್‌ನಲ್ಲೂ ಇರುತ್ತದೆ. ಮೂರನೆಯದು ಕಣ್ಣಿಗೇ ಕಾಣದ್ದು. ‘ರಾಜ್‌ಕುಮಾರ್’ ಎಂದು ಜ್ ಮತ್ತು ಕು ಬೇರೆ ಬೇರೆಯಾಗಿ ಕಾಣಬೇಕಾದರೆ ನಡುವೆ ಒಂದು ಅಗೋಚರ ಅಕ್ಷರ ಕೂತಿರಬೇಕು. ಹುಡುಕುವಾಗ ನೀವು ಟೈಪ್ ಮಾಡಿದ್ದರಲ್ಲಿ ಅದು ಇಲ್ಲದಿದ್ದರೆ, ಎಷ್ಟೋ ಸಲ ‘ಸಿಗಲಿಲ್ಲ’ ಅನ್ನುತ್ತದೆ. ಅದಕ್ಕೇ ಆ ಹೆಸರನ್ನು ಟೈಪ್ ಮಾಡಬೇಡಿ, ವಿವರಣೆಯಿಂದಲೇ ಕಾಪಿ ಮಾಡಿ ಹುಡುಕಿ.

ಇಷ್ಟಾದ ಮೇಲೂ ಆಟದ ಕರಪತ್ರವನ್ನು ಪಕ್ಕದಲ್ಲಿಟ್ಟುಕೊಂಡು ಕೆಳಗಿನ ಸಾಲಿನಿಂದ ಮೇಲಕ್ಕೆ ಓದಿ. ಮೇಲಿಂದ ಓದಿದರೆ ಗೊತ್ತಿರುವುದನ್ನೇ ಕಣ್ಣು ಹಾರಿಸಿಕೊಂಡು ಹೋಗುತ್ತದೆ. ಕರಪತ್ರದಲ್ಲಿದ್ದ ಮದ್ದಳೆಗಾರರು ಆ ರಾತ್ರಿ ಬಂದಿರಲಿಕ್ಕಿಲ್ಲ, ವಿಡಿಯೊ ನೋಡಿಯೇ ಖಚಿತ ಮಾಡಿಕೊಳ್ಳಿ.

ಹಂತ 4: ಸಮಯದ ಸಾಲುಗಳನ್ನು ತಿದ್ದಲು ಹೋಗಬೇಡಿ. ಪೂರ್ತಿ ಅಳಿಸಿ ಹೊಸದಾಗಿ ಬರೆಯಿರಿ. ಮೊದಲನೆಯದು `0:00` ಇರಬೇಕು, ಕನಿಷ್ಠ 3 ಸಾಲು ಬೇಕು, ಒಂದೊಂದು ಭಾಗ 10 ಸೆಕೆಂಡಾದರೂ ಇರಬೇಕು.

ಹಂತ 5: ಲಿಂಕುಗಳನ್ನು ಇನ್‌ಕಾಗ್ನಿಟೊ ಕಿಟಕಿಯಲ್ಲಿ ಒಂದೊಂದಾಗಿ ಒತ್ತಿ. ನಿಮ್ಮ ಖಾತೆಯಲ್ಲಿ ತೆರೆಯುವ ಡ್ರೈವ್ ಫೈಲ್ ಬೇರೆಯವರಿಗೆ ‘ಅನುಮತಿ ಕೇಳಿ’ ಅನ್ನುತ್ತಿರಬಹುದು. ವಾಟ್ಸ್‌ಆ್ಯಪ್ ಗ್ರೂಪಿನ ಲಿಂಕನ್ನು ಅಡ್ಮಿನ್ ರೀಸೆಟ್ ಮಾಡಿದ್ದರೆ ಹಳೆಯದು ಸತ್ತಂತೆ. ದೇಣಿಗೆಯ ಯುಪಿಐ ನಂಬರಿನ ವಿಷಯ ಇನ್ನೂ ಕಷ್ಟ. ಅದು ತಪ್ಪಿದ್ದರೂ ಕೆಲಸ ಮಾಡುತ್ತದೆ. ಒಂದು ಚಾನೆಲ್‌ನಲ್ಲಿ ಈ ವರ್ಷದ ಆಟದ ದುಡ್ಡು ಹೋದ ವರ್ಷದ ಖಜಾಂಚಿಯ ಖಾತೆಗೆ ಎರಡು ವಾರ ಬೀಳುತ್ತಲೇ ಇತ್ತು. ಪುಣ್ಯಕ್ಕೆ ಅವರೇ ಫೋನ್ ಮಾಡಿ ಹೇಳಿದರು. ನಂಬರ್ ಹಾಕಿ, ದುಡ್ಡು ಕಳಿಸುವ ಮುಂಚೆ ಬರುವ ಹೆಸರು ನೋಡಿ.

ಹಳೆಯ ವಿಡಿಯೊಗಳಲ್ಲೂ ಅದೇ ಸತ್ತ ಲಿಂಕ್ ಇದ್ದರೆ, ಸ್ಟುಡಿಯೊದ `Content` ಪಟ್ಟಿಯಲ್ಲಿ ವಿಡಿಯೊಗಳನ್ನು ಟಿಕ್ ಮಾಡಿ, `Edit` ಒತ್ತಿ, `Description` ಆರಿಸಿ, ಅಲ್ಲಿರುವ ‘ಹುಡುಕಿ ಬದಲಿಸು’ ಆಯ್ಕೆ ಬಳಸಿ. ಪೂರ್ತಿ ವಿವರಣೆಯನ್ನೇ ಹೊಸದಾಗಿಸುವ ಆಯ್ಕೆಯೂ ಅಲ್ಲೇ ಇರುತ್ತದೆ. ಅದನ್ನು ಒತ್ತಿದಿರೋ, ಟಿಕ್ ಮಾಡಿದ ಎಲ್ಲಾ ವಿಡಿಯೊಗೂ ಒಂದೇ ವಿವರಣೆ! ಮೊದಲು ಎರಡೇ ವಿಡಿಯೊ ಟಿಕ್ ಮಾಡಿ ನೋಡಿ. ಅವೆರಡರ ಹಳೆಯ ವಿವರಣೆಯನ್ನು ಬೇರೆ ಫೈಲಿನಲ್ಲಿ ಇಟ್ಟುಕೊಂಡೇ ಕೈ ಹಾಕಿ.