ಹೆಚ್ಚಾಯ್ತಾ, ಕಡಿಮೆಯಾಯ್ತಾ?

ವಿರಾಜಪೇಟೆಯಲ್ಲಿ ಕಾಫಿ ಬೆಳೆಗಾರರ ಒಂದು ಸಂಘದ ಆಫೀಸಿನಲ್ಲಿ ಕಾಗದಪತ್ರ ಬರೆಯುವುದು ನನ್ನ ಕೆಲಸ. ಸದಸ್ಯರಿಗೆ ಕನ್ನಡದಲ್ಲಿ ಪತ್ರ, ನಮಗೆ ಅನುದಾನ ಕೊಡುವವರಿಗೆ ಇಂಗ್ಲಿಷಿನಲ್ಲಿ ವರದಿ. ಎರಡನ್ನೂ ನಾನು ಬಹಳ ವರ್ಷ ಒಂದೇ ರೀತಿಯಲ್ಲಿ ಬರೆದೆ. ಇಂಗ್ಲಿಷಿನಲ್ಲಿ ‘ಇಂಪ್ಯಾಕ್ಟ್’, ಕನ್ನಡದಲ್ಲಿ ‘ಪರಿಣಾಮ ಬೀರು’. ಅಲ್ಲಿ ‘ಲೆವರೇಜ್’, ಇಲ್ಲಿ ‘ಸದ್ಬಳಕೆ ಮಾಡಿಕೊಳ್ಳು’.

ಒಮ್ಮೆ ಸಾಲದ ಬಡ್ಡಿ ಬದಲಾದಾಗ ಎಲ್ಲ ಸದಸ್ಯರಿಗೂ ಹೀಗೆ ಬರೆದೆ: ‘ಬಡ್ಡಿ ದರದ ಪರಿಷ್ಕರಣೆಯು ತಮ್ಮ ಕಂತಿನ ಮೇಲೆ ಪರಿಣಾಮ ಬೀರಲಿದೆ.’ ವಾರದೊಳಗೆ ಬಿರುನಾಣಿ ಕಡೆಯ ಹಿರಿಯ ಬೆಳೆಗಾರರೊಬ್ಬರು ಬೆಳಗಿನ ಬಸ್ ಹಿಡಿದು ಬಂದರು. ಪತ್ರ ನಾಲ್ಕು ಮಡಿಕೆಯಾಗಿ ಅಂಗಿ ಜೇಬಿನಲ್ಲಿತ್ತು. ಮೇಜಿನ ಮೇಲೆ ಬಿಡಿಸಿಟ್ಟು, ಆ ಸಾಲಿನ ಕೆಳಗೆ ಬೆರಳಿಟ್ಟರು.

‘ಇದು ಹೆಚ್ಚಾಯ್ತಾ, ಕಡಿಮೆಯಾಯ್ತಾ, ಅಷ್ಟು ಹೇಳಮ್ಮ.’

‘ಕಡಿಮೆಯಾಗಿದೆ ಸರ್.’

‘ಮತ್ತೆ ಅದನ್ನೇ ಬರೀಬೋದಿತ್ತಲ್ಲ.’

ಕಾಫಿ ಕುಯ್ಲಿನ ದಿನಗಳು ಅವು. ಒಂದು ದಿನದ ಕೆಲಸ ಬಿಟ್ಟು ಅವರು ಬಂದಿದ್ದು ನನ್ನ ಒಂದು ಕ್ರಿಯಾಪದಕ್ಕಾಗಿ. ಅವರು ಕೇಳಿದ ಆ ಪ್ರಶ್ನೆಯನ್ನೇ ನಾನು ಅವತ್ತಿನಿಂದ ಪ್ರತಿ ಕರಡು ಬರಹಕ್ಕೂ ಕೇಳುತ್ತಾ ಬಂದಿದ್ದೇನೆ.

‘ಇಂಪ್ಯಾಕ್ಟ್’ ಇಂಗ್ಲಿಷಿನಲ್ಲಿ ಕ್ರಿಯಾಪದವೇ ಅಲ್ಲ ಅಂತ ವಾದ ಮಾಡುವವರಿದ್ದಾರೆ. ಆ ವಾದ ನಿಲ್ಲುವುದಿಲ್ಲ. ಬಿಗಿಯಾಗಿ ಒತ್ತುವುದು ಅನ್ನುವ ಅರ್ಥದಲ್ಲಿ ಅದು ಹದಿನೇಳನೇ ಶತಮಾನದಿಂದ ಕ್ರಿಯಾಪದವಾಗಿಯೇ ಇದೆ. ದವಡೆಯಲ್ಲಿ ಸಿಕ್ಕಿಕೊಂಡ ಹಲ್ಲಿಗೆ ದಂತವೈದ್ಯರು ಇವತ್ತಿಗೂ ‘ಇಂಪ್ಯಾಕ್ಟೆಡ್’ ಅನ್ನುತ್ತಾರೆ. ತೊಂದರೆ ವ್ಯಾಕರಣದ್ದಲ್ಲ. ಏನೋ ಆಯಿತು ಅಂತ ಆ ಪದ ಹೇಳುತ್ತದೆ, ಯಾವ ಕಡೆಗೆ ಆಯಿತು ಅಂತ ಹೇಳುವುದಿಲ್ಲ. ಆದ್ದರಿಂದ ‘ಇಂಪ್ಯಾಕ್ಟ್’ ಹೊಡೆದು ‘ಅಫೆಕ್ಟ್’ ಹಾಕಿದರೂ ಕೆಲಸ ಆಗುವುದಿಲ್ಲ. ನಾನೂ ಮೊದಲು ಅದನ್ನೇ ಮಾಡಿದ್ದೆ. ಅದೂ ಅಷ್ಟೇ ಮಸುಕು, ಅಕ್ಷರ ಮಾತ್ರ ಬೇರೆ.

ಒಂದು ವರದಿಯನ್ನೇ ತೋರಿಸುತ್ತೇನೆ. ಆ ವರ್ಷ ಜನವರಿಯಲ್ಲಿ ಎರಡು ದಿನ ಅಕಾಲ ಮಳೆ ಬಿತ್ತು. ಕುಯ್ದ ಹಣ್ಣು ಕಣದಲ್ಲಿ ಒಣಗುತ್ತಿದ್ದ ಹೊತ್ತು. ನನ್ನ ಮೊದಲ ಕರಡನ್ನು ಕನ್ನಡಕ್ಕೆ ತಂದರೆ ಹೀಗಿತ್ತು: ‘ಅಕಾಲಿಕ ಮಳೆಯು ಸದಸ್ಯ ಬೆಳೆಗಾರರ ಮೇಲೆ ಪರಿಣಾಮ ಬೀರಿತು. ಸಂಘವು ತನ್ನ ಮೂಲಸೌಕರ್ಯವನ್ನು ಸದ್ಬಳಕೆ ಮಾಡಿಕೊಂಡು ನಷ್ಟವನ್ನು ತಗ್ಗಿಸಿತು.’ ಇಂಗ್ಲಿಷಿನಲ್ಲಿ ‘ಇಂಪ್ಯಾಕ್ಟೆಡ್’, ‘ಲೆವರೇಜ್ಡ್’, ‘ಮಿಟಿಗೇಟೆಡ್’ ಮೂರೂ ಇದ್ದವು.

ಕ್ರಿಯಾಪದಗಳ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದೆ. ಮೊದಲನೆಯದಕ್ಕೆ ಹಿರಿಯರ ಪ್ರಶ್ನೆ ಕೇಳಿಕೊಂಡೆ. ಮಳೆ ಏನು ಮಾಡಿತು? ನೆನೆಸಿತಾ, ಕೊಚ್ಚಿಕೊಂಡು ಹೋಯಿತಾ, ಬೂಷ್ಟು ಹಿಡಿಸಿತಾ, ಕುಯ್ಲು ತಡ ಮಾಡಿತಾ? ನನಗೆ ಉತ್ತರ ಗೊತ್ತಿರಲಿಲ್ಲ. ‘ಇಂಪ್ಯಾಕ್ಟೆಡ್’ ಅಂತ ಬರೆದಾಗ ಅದು ಗೊತ್ತಿಲ್ಲ ಅನ್ನುವುದೇ ನನಗೆ ಗೊತ್ತಾಗಿರಲಿಲ್ಲ. ಈ ಪದಗಳ ನಿಜವಾದ ಅಪಾಯ ಇರುವುದು ಇಲ್ಲೇ.

ಹೋಬಳಿ ಸುತ್ತುವ ನಮ್ಮ ಮೂವರು ಹುಡುಗರಿಗೆ ಫೋನ್ ಮಾಡಿದೆ. ಒಂದು ಮಧ್ಯಾಹ್ನ ಹಿಡಿಯಿತು. ಇಪ್ಪತ್ತೇಳು ಮನೆಗಳ ಕಣದಲ್ಲಿ ಹಣ್ಣು ನೆನೆದಿತ್ತು. ಹತ್ತೊಂಬತ್ತು ಮನೆಯವರು ಮತ್ತೆ ಹರಡಿ, ತಿರುವಿ ಹಾಕಿ ಒಣಗಿಸಿಕೊಂಡಿದ್ದರು. ಎಂಟು ಮನೆಗಳಲ್ಲಿ ಬೂಷ್ಟು ಹಿಡಿದಿತ್ತು.

‘ಮೂಲಸೌಕರ್ಯದ ಸದ್ಬಳಕೆ’ ಅಂದರೆ ಏನು ಅಂತ ಗೋದಾಮಿನವರನ್ನು ಕೇಳಿದೆ. ‘ನಲವತ್ತು ಟಾರ್ಪಾಲ್ ಕೊಟ್ವಿ, ಅಷ್ಟೇ ಮೇಡಂ’ ಅಂದರು. ಬಾಡಿಗೆ ಇಲ್ಲದೆ, ಹತ್ತು ದಿನಕ್ಕೆ. ಮಳೆಗೆ ಮುಂಚೆಯೋ ಆಮೇಲೋ ಅಂತ ಕೇಳಿದೆ. ಮೊದಲ ಮಳೆ ಬಿದ್ದ ಮಾರನೇ ದಿನ. ಹಾಗಾದರೆ ‘ನಷ್ಟ ತಗ್ಗಿಸಿತು’ ಅಂತ ಬರೆಯುವ ಹಕ್ಕು ನಮಗೆ ಎಷ್ಟಿತ್ತು? ಎರಡನೇ ದಿನದ ಮಳೆಗೆ ಮಾತ್ರ ಅವು ಉಪಯೋಗಕ್ಕೆ ಬಂದಿದ್ದವು.

ಕೊನೆಗೆ ಹೋದ ವರದಿ ಇದು: ‘ಜನವರಿಯ ಎರಡು ದಿನದ ಮಳೆಗೆ 27 ಸದಸ್ಯರ ಕಣದಲ್ಲಿದ್ದ ಕಾಫಿ ಹಣ್ಣು ನೆನೆಯಿತು. 19 ಮಂದಿ ಅದನ್ನು ಮತ್ತೆ ಒಣಗಿಸಿದರು. 8 ಮಂದಿಯ ಹಣ್ಣಿಗೆ ಬೂಷ್ಟು ಹಿಡಿಯಿತು. ಮೊದಲ ಮಳೆಯ ಮರುದಿನ ನಾವು 40 ಟಾರ್ಪಾಲ್ ಎರವಲು ಕೊಟ್ಟೆವು.’ ಇಂಗ್ಲಿಷಿನಲ್ಲಿ ‘ಸೋಕ್ಡ್’, ‘ಡ್ರೈಡ್’, ‘ಲೆಂಟ್’. ಮೂರೂ ಶಾಲೆಯ ಮಕ್ಕಳಿಗೆ ಗೊತ್ತಿರುವ ಪದಗಳು.

ನಮ್ಮ ಮೇಲಿನವರಿಗೆ ಇದು ಹಿಡಿಸಲಿಲ್ಲ. ‘ತುಂಬಾ ಸಾದಾ ಆಯ್ತು, ವರದಿ ಥರ ಕಾಣಲ್ಲ’ ಅಂದರು. ನಾನು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು, ಎರಡನ್ನೂ ಓದಿ ಮುಗಿಸಿದ ಮೇಲೆ ಏನು ಕೇಳಬೇಕು ಅನ್ನಿಸುತ್ತೆ ಹೇಳಿ ಸರ್ ಅಂದೆ. ಹಳೆಯದಕ್ಕೆ ಅವರಿಗೆ ಪ್ರಶ್ನೆಯೇ ಹುಟ್ಟಲಿಲ್ಲ. ಹೊಸದನ್ನು ಓದಿ ತಕ್ಷಣ ಕೇಳಿದರು: ‘ಟಾರ್ಪಾಲ್ ಮರುದಿನ ಯಾಕೆ ಹೋಯ್ತು?’ ಗೋದಾಮಿನ ಬೀಗದ ಕೈ ಒಬ್ಬರ ಹತ್ತಿರ ಮಾತ್ರ ಇದೆ, ಅವರು ಆ ದಿನ ರಜೆಯಲ್ಲಿದ್ದರು ಅಂತ ಹೇಳಿದೆ. ಈಗ ಬೀಗದ ಕೈ ಎರಡಿವೆ.

‘ಲೆವರೇಜ್’ ಬಗ್ಗೆ ಒಂದು ಮಾತು. ಲಿವರ್ ಅಂದರೆ ಸನ್ನೆಕೋಲು. ತೋಟದಲ್ಲಿ ಬಂಡೆ ಎಬ್ಬಿಸಲು ಹಾರೆ ತೂರಿಸಿ ಒತ್ತುತ್ತೇವಲ್ಲ, ಅದೇ. ಸ್ವಲ್ಪ ಬಲ, ಜಾಸ್ತಿ ಭಾರ. ಸ್ವಂತ ದುಡ್ಡು ಸ್ವಲ್ಪ ಹಾಕಿ ಅದರ ಮೇಲೆ ಸಾಲ ಎತ್ತಿ ದೊಡ್ಡ ಬಂಡವಾಳ ಹೂಡುವುದಕ್ಕೆ ಹಣಕಾಸಿನವರು ಈ ಪದ ಬಳಸುತ್ತಾರೆ. ಅಲ್ಲಿ ಅದಕ್ಕೆ ಖಚಿತ ಅರ್ಥ ಇದೆ, ಬ್ಯಾಂಕಿನ ಕಾಗದದಲ್ಲಿ ಇದ್ದರೆ ನಾನು ಮುಟ್ಟುವುದಿಲ್ಲ. ಆದರೆ ನಮ್ಮ ವರದಿಗಳಲ್ಲಿ ಅದು ಸುಮ್ನೆ ‘ಬಳಸಿದೆವು’ ಅನ್ನುವ ಜಾಗದಲ್ಲಿ ಕೂತಿರುತ್ತದೆ. ಹಾಗಿದ್ದರೆ ‘ಯೂಸ್’ ಸಾಕು. ಎಷ್ಟೋ ಸಲ ಅದೂ ಸರಿಯಾದ ಪದವಲ್ಲ. ‘ಪಾಲುದಾರರ ಜಾಲವನ್ನು ಲೆವರೇಜ್ ಮಾಡಿ’ ಅಂತ ನಾನು ಬರೆದಿದ್ದ ಒಂದು ಸಾಲಿನ ಹಿಂದೆ ನಡೆದದ್ದು ಇಷ್ಟೇ: ಪಕ್ಕದ ತೋಟದವರನ್ನು ಕೇಳಿದೆವು, ಅವರು ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರವನ್ನು ಒಂದು ದಿನ ಬಿಟ್ಟುಕೊಟ್ಟರು. ‘ಕೇಳಿದೆವು, ಕೊಟ್ಟರು’ ಅಂತ ಬರೆದರೆ ಕೊಟ್ಟವರು ಕಾಣಿಸುತ್ತಾರೆ. ‘ಲೆವರೇಜ್’ ಅಂದರೆ ಅವರ ಉಪಕಾರವೂ ನಮ್ಮ ಜಾಣತನದ ಲೆಕ್ಕಕ್ಕೆ ಸೇರಿಬಿಡುತ್ತದೆ. ಅದು ನನಗೆ ಸರಿ ಅನ್ನಿಸುವುದಿಲ್ಲ.

‘ಫೆಸಿಲಿಟೇಟ್’, ಅಂದರೆ ನಮ್ಮ ‘ಅನುವು ಮಾಡಿಕೊಡಲಾಯಿತು’, ಇದಕ್ಕೂ ಹಾಗೇ ಮಾಡುತ್ತೇನೆ. ಯಾರು, ಏನು ಕೊಟ್ಟರು? ಜೀಪು ಕಳಿಸಿದೆವಾ, ಊಟ ಹಾಕಿದೆವಾ, ಫಾರಂ ತುಂಬಿಕೊಟ್ಟೆವಾ? ‘ಸ್ಟ್ರೀಮ್‌ಲೈನ್’ ಅಂದರೆ ನಮ್ಮಲ್ಲಿ ಮೂರು ಸಹಿ ಇದ್ದದ್ದು ಒಂದಾಗಿತ್ತು. ಹಾಗೇ ಬರೆದೆ.

ಕೆಲವು ಕಡೆ ಪದ ಬಿಡುವ ಹಾಗಿಲ್ಲ. ‘ಎನ್ವಿರಾನ್‌ಮೆಂಟಲ್ ಇಂಪ್ಯಾಕ್ಟ್ ಅಸೆಸ್‌ಮೆಂಟ್’ ಕಾನೂನಿನ ಪ್ರಕ್ರಿಯೆಯ ಹೆಸರು, 2006ರ ಅಧಿಸೂಚನೆಯಲ್ಲೇ ಇದೆ. ಅದನ್ನು ಬದಲಿಸಿದರೆ ಓದುವವರು ಬೇರೇನೋ ಅಂದುಕೊಳ್ಳುತ್ತಾರೆ. ಅನುದಾನದ ಫಾರಂನಲ್ಲಿ ‘ಇಂಪ್ಯಾಕ್ಟ್’ ಅಂತ ಕಾಲಂ ಇದ್ದರೆ ಅದೂ ಹಾಗೇ ಇರಲಿ. ಅದರ ಕೆಳಗೆ ಏನು ಬರೆಯಬೇಕು ಅನ್ನುವುದು ನನ್ನ ಕೈಯಲ್ಲಿದೆ.

ಇನ್ನು ಕೆಲವು ಸಲ ಉತ್ತರವೇ ಸಿಕ್ಕಿರುವುದಿಲ್ಲ. ಈ ಸಲ ಕಾಫಿ ಗಿಡದ ಹೂ ಅರಳಿಸುವ ಹೂಮಳೆ ತಡವಾದಾಗ ಫಸಲು ಎಷ್ಟು ಇಳಿಯುತ್ತೆ ಅಂತ ಏಪ್ರಿಲ್‌ನಲ್ಲಿ ಯಾರೂ ಹೇಳುವ ಸ್ಥಿತಿಯಲ್ಲಿರಲಿಲ್ಲ. ಮೊದಲಾಗಿದ್ದರೆ ‘ಫಸಲಿನ ಮೇಲೆ ಪರಿಣಾಮ ಬೀರುವ ಸಾಧ್ಯತೆ ಇದೆ’ ಅಂತ ಬರೆದು ಮುಗಿಸುತ್ತಿದ್ದೆ. ಈ ಸಲ ಬರೆದದ್ದು: ‘ಹೂಮಳೆ ತಡವಾಗಿದೆ. ಫಸಲು ಎಷ್ಟು ಕಡಿಮೆಯಾಗುತ್ತದೆ ಎಂದು ಈಗ ಹೇಳಲಾಗದು. ಕಾಯಿ ಕಟ್ಟಿದ ಮೇಲೆ, ಜುಲೈ ವರದಿಯಲ್ಲಿ ತಿಳಿಸುತ್ತೇವೆ.’ ಜುಲೈ ವರದಿಯ ಕಡತದ ಮೇಲೆ ಈಗಲೇ ಒಂದು ಚೀಟಿ ಅಂಟಿಸಿಟ್ಟಿದ್ದೇನೆ: ಕಾಯಿ ಎಣಿಸಲು ಹುಡುಗರನ್ನು ಕಳಿಸಬೇಕು.